ಬಡ್ಡಿ ಪ್ರಮಾಣಪತ್ರದಲ್ಲಿರುವ ಮೊತ್ತವೂ ನೀವು ಕೇಳಬಹುದಾದ ಕಡಿತವೂ

ಪ್ರಶ್ನೆ: ನಾನು ಮತ್ತು ಪತ್ನಿ ಸೇರಿ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಿದ್ದೇವೆ. 40 ಲಕ್ಷದ ಗೃಹಸಾಲ ಸೆಪ್ಟೆಂಬರ್ 2022ರಲ್ಲಿ ಮಂಜೂರಾಯಿತು, ಕ್ರಯಪತ್ರವೂ ಸ್ವಾಧೀನವೂ ಆದದ್ದು ಆಗಸ್ಟ್ 2025ರ ಎರಡನೇ ವಾರದಲ್ಲಿ. ಅಲ್ಲಿಯವರೆಗೆ ಪ್ರೀ-ಇಎಂಐ, ಅಂದರೆ ಬಿಡುಗಡೆಯಾದ ಸಾಲದ ಬಡ್ಡಿಯನ್ನಷ್ಟೇ ಕಟ್ಟಿದೆವು, ಸೆಪ್ಟೆಂಬರ್‌ನಿಂದ 34,713 ರೂಪಾಯಿ ಕಂತು. ನನ್ನ ಖಾತೆಯಿಂದ ಹೋಗುತ್ತದೆ, ಅರ್ಧ ಹಣವನ್ನು ಅವಳು ನನಗೆ ಕಳಿಸುತ್ತಾಳೆ. 2025-26ರ ಪ್ರಮಾಣಪತ್ರದಲ್ಲಿ ಬಡ್ಡಿ 3,27,704, ಅಸಲು 45,620 ಎಂದಿದೆ. ನೋಂದಣಿಗೆ ಸುಮಾರು 3.43 ಲಕ್ಷ ಖರ್ಚಾಗಿದೆ. ನನ್ನ ಸಂಬಳ 15 ಲಕ್ಷ, ಪಿಎಫ್ 96,000. ಅವಳ ಸಂಬಳ 9 ಲಕ್ಷ. ಯಾರು ಎಷ್ಟು ಕ್ಲೇಮ್ ಮಾಡಬೇಕು?

ಉತ್ತರ: ಪ್ರಮಾಣಪತ್ರದಲ್ಲಿರುವ ಎರಡು ಮೊತ್ತಗಳಲ್ಲಿ ಒಂದನ್ನೂ ಹಾಗೆಯೇ ರಿಟರ್ನ್‌ಗೆ ಇಳಿಸುವಂತಿಲ್ಲ. ಅದು ಸಾಲ ಕೊಟ್ಟ ಸಂಸ್ಥೆಯ ಪುಸ್ತಕದಲ್ಲಿ ನಿಮ್ಮ ಖಾತೆಗೆ ಒಂದು ವರ್ಷದಲ್ಲಿ ಏನಾಯಿತು ಎಂಬುದನ್ನು ಮಾತ್ರ ಹೇಳುವ ಪತ್ರ. ಮನೆ ಯಾರ ಹೆಸರಿನಲ್ಲಿದೆ, ಯಾವಾಗ ಕೈಗೆ ಬಂತು, ಹಿಂದಿನ ವರ್ಷಗಳಲ್ಲಿ ಎಷ್ಟು ಬಡ್ಡಿ ಕಟ್ಟಿದ್ದೀರಿ, ನೀವು ಯಾವ ತೆರಿಗೆ ಪದ್ಧತಿಯಲ್ಲಿದ್ದೀರಿ ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಇರುವುದಿಲ್ಲ, ಮತ್ತು ನಿಮಗೆ ಸಿಗುವ ಕಡಿತವನ್ನು ನಿರ್ಧರಿಸುವುದು ಈ ನಾಲ್ಕೇ.

ಮೊದಲು ಪತ್ರವನ್ನೇ ಪರೀಕ್ಷಿಸೋಣ. ಡಿಸೆಂಬರ್ ಅಥವಾ ಜನವರಿಯಲ್ಲಿ ಕಚೇರಿಗೆ ಕೊಡಲೆಂದು ತೆಗೆದುಕೊಳ್ಳುವ ಪತ್ರ ತಾತ್ಕಾಲಿಕವಾದದ್ದು. ಮಾರ್ಚ್‌ವರೆಗಿನ ಕಂತುಗಳು ಸರಿಯಾಗಿ ಬರುತ್ತವೆಂದು ಊಹಿಸಿ ಅದರಲ್ಲಿ ಲೆಕ್ಕ ಹಾಕಿರುತ್ತಾರೆ. ನಡುವೆ ಬಡ್ಡಿ ದರ ಬದಲಾದರೆ, ನೀವು ಒಂದಿಷ್ಟು ಹಣವನ್ನು ಮುಂಚಿತವಾಗಿ ಕಟ್ಟಿದರೆ, ಅಥವಾ ಒಂದು ಕಂತು ತಪ್ಪಿದರೆ ಆ ಲೆಕ್ಕ ಕೆಡುತ್ತದೆ. ಆದ್ದರಿಂದ ರಿಟರ್ನ್‌ಗೆ ಏಪ್ರಿಲ್ ನಂತರ ತೆಗೆದ ಅಂತಿಮ ಪತ್ರವೇ ಬೇಕು. ಅದು ಸರಿಯಿದೆಯೇ ಎಂದು ನೋಡುವುದು ಸುಲಭ: ಬಡ್ಡಿ ಮತ್ತು ಅಸಲನ್ನು ಕೂಡಿಸಿದರೆ ವರ್ಷದಲ್ಲಿ ನಿಮ್ಮ ಖಾತೆಯಿಂದ ಹೋದ ಹಣಕ್ಕೆ ಸಮನಾಗಬೇಕು. ನಿಮ್ಮ ಪತ್ರದಲ್ಲಿ ಎರಡೂ ಸೇರಿ 3,73,324 ಆಗುತ್ತದೆ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಏಳು ಕಂತುಗಳು 2,42,991 ರೂಪಾಯಿ. ಅದನ್ನು ಕಳೆದರೆ ಉಳಿಯುವ 1,30,333 ರೂಪಾಯಿಯು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನೀವು ಕಟ್ಟಿದ ಪ್ರೀ-ಇಎಂಐ ಆಗಿರಬೇಕು. ಪಾಸ್‌ಬುಕ್ಕಿನಲ್ಲಿ ಆ ಐದು ನಮೂದುಗಳನ್ನು ಕೂಡಿಸಿ ನೋಡಿ. ಹಾಗೆಯೇ ಮಾರ್ಚ್ 31ರ ಬಾಕಿ 39,54,380 ಎಂದಿರಬೇಕು, ಅಂದರೆ 40 ಲಕ್ಷದಲ್ಲಿ ತೀರಿದ ಅಸಲನ್ನು ಕಳೆದ ಮೊತ್ತ. ಈ ಎರಡು ತಾಳೆಯಾದರೆ ಪತ್ರದಲ್ಲಿ ತಪ್ಪಿಲ್ಲವೆಂದು ತಿಳಿಯಬಹುದು.

ತಾಳೆಯಾಗದಿದ್ದರೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಚೆಕ್ ಬೌನ್ಸ್ ಶುಲ್ಕ ಅಥವಾ ತಡವಾದ ಕಂತಿನ ದಂಡವನ್ನು ಬಡ್ಡಿಯ ಸಾಲಿಗೇ ಸೇರಿಸಿರುವುದು. ಬಡ್ಡಿ ಕಟ್ಟದೆ ಉಳಿದದ್ದರ ಮೇಲೆ ಹಾಕಿದ ಬಡ್ಡಿಗೆ ಕಡಿತ ಇಲ್ಲವೆಂದು ಸುಪ್ರೀಂ ಕೋರ್ಟ್ 1973ರಲ್ಲೇ ತೀರ್ಪು ಕೊಟ್ಟಿದೆ. ಇನ್ನೊಂದು, ಸಾಲದ ಜೊತೆ ವಿಮೆ ಮಾಡಿಸಿ ಅದರ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿರುವುದು. ನನ್ನ ಸ್ವಂತ ಸಾಲದಲ್ಲಿಯೇ ಹೀಗಾಗಿತ್ತು. ಮಂಜೂರಾತಿ ಪತ್ರದ ಮೊತ್ತಕ್ಕಿಂತ ಖಾತೆಯ ಮೊತ್ತ ಹೆಚ್ಚಿದೆಯೆಂದು ಎರಡು ವರ್ಷ ಗಮನಿಸಿರಲಿಲ್ಲ, ಪರರ ಲೆಕ್ಕ ನೋಡುವವನಾಗಿಯೂ. ವಿಮೆಗಾಗಿ ಪಡೆದ ಸಾಲ ಮನೆಗಾಗಿ ಪಡೆದ ಸಾಲವಲ್ಲವಾದ್ದರಿಂದ, ಆ ಭಾಗದ ಬಡ್ಡಿಯನ್ನೂ ಅಸಲನ್ನೂ ಬಿಟ್ಟು ಲೆಕ್ಕ ಹಾಕುವುದು ಸರಿ.

ಈಗ ಬಡ್ಡಿಯ ಮಾತು. ಇದು ಆದಾಯ ತೆರಿಗೆ ಕಾಯ್ದೆಯ 24(ಬಿ) ಕಲಮಿನಡಿ ಬರುತ್ತದೆ. ಸ್ವಂತ ವಾಸದ ಮನೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಒಬ್ಬರಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಡಿತವುಂಟು. ಈ ಮಿತಿ ಸಿಗಬೇಕಾದರೆ ಸಾಲ ಪಡೆದ ಆರ್ಥಿಕ ವರ್ಷ ಮುಗಿದ ದಿನದಿಂದ ಐದು ವರ್ಷದೊಳಗೆ ಮನೆ ಪೂರ್ತಿಯಾಗಿರಬೇಕು. ಇಲ್ಲದಿದ್ದರೆ ಮಿತಿ 30,000ಕ್ಕೆ ಇಳಿಯುತ್ತದೆ. ನೀವು 2022-23ರಲ್ಲಿ ಸಾಲ ಪಡೆದಿರುವುದರಿಂದ ಮಾರ್ಚ್ 2028ರವರೆಗೆ ಅವಕಾಶವಿತ್ತು, ಮನೆ ಆಗಸ್ಟ್ 2025ರಲ್ಲೇ ಬಂದಿದೆ, ಆ ಚಿಂತೆ ನಿಮಗಿಲ್ಲ. ಆದರೂ ಬಿಲ್ಡರ್ ಕೊಟ್ಟ ಸ್ವಾಧೀನ ಪತ್ರವನ್ನೂ ಪಾಲಿಕೆಯ ಸ್ವಾಧೀನಾನುಭವ ಪ್ರಮಾಣಪತ್ರವನ್ನೂ ಸಾಲದ ಕಡತದಲ್ಲೇ ಇಟ್ಟುಕೊಳ್ಳಿ. ಮನೆ ಯಾವ ವರ್ಷ ಪೂರ್ತಿಯಾಯಿತು ಎಂಬ ಪ್ರಶ್ನೆ ಎದ್ದರೆ ಬ್ಯಾಂಕಿನ ಪತ್ರ ಅದಕ್ಕೆ ಉತ್ತರ ಕೊಡುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಸ್ವಾಧೀನಕ್ಕೆ ಮುಂಚೆ ಕಟ್ಟಿದ ಬಡ್ಡಿಯನ್ನು ಒಟ್ಟುಗೂಡಿಸಿ, ಮನೆ ಕೈಗೆ ಬಂದ ವರ್ಷದಿಂದ ಐದು ಸಮಾನ ಭಾಗಗಳಲ್ಲಿ ಕಡಿತ ಪಡೆಯಬೇಕೆಂಬ ನಿಯಮವನ್ನು ನೀವೂ ಕೇಳಿರಬಹುದು. ಆದರೆ ಈ 'ಮುಂಚೆ' ಎಂಬುದು ಸ್ವಾಧೀನದ ದಿನಾಂಕಕ್ಕೆ ನಿಲ್ಲುವುದಲ್ಲ. ಸ್ವಾಧೀನ ಬಂದ ಆರ್ಥಿಕ ವರ್ಷಕ್ಕೆ ಹಿಂದಿನ ಮಾರ್ಚ್ 31ಕ್ಕೆ ನಿಲ್ಲುತ್ತದೆ. ನಿಮ್ಮ ವಿಷಯದಲ್ಲಿ ಅದು 31 ಮಾರ್ಚ್ 2025. ಆದ್ದರಿಂದ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಟ್ಟಿದ 1,30,333 ರೂಪಾಯಿ, ಹೆಸರು ಪ್ರೀ-ಇಎಂಐ ಎಂದಿದ್ದರೂ, ಚಾಲ್ತಿ ವರ್ಷದ ಬಡ್ಡಿಯೇ ಸರಿ. ಅದನ್ನು ಐದು ಭಾಗ ಮಾಡುವಂತಿಲ್ಲ, ಪೂರ್ತಿ ಈ ವರ್ಷಕ್ಕೇ ಸೇರುತ್ತದೆ. ಪತ್ರದಲ್ಲಿ 3,27,704 ಎಂದು ಒಂದೇ ಸಾಲಿನಲ್ಲಿ ತೋರಿಸಿರುವುದು ಹೀಗಾಗಿ ನಿಮಗೆ ಅನುಕೂಲವಾಗಿಯೇ ಇದೆ.

ಐದು ಭಾಗ ಮಾಡಬೇಕಾದದ್ದು 2022-23, 2023-24 ಮತ್ತು 2024-25ರ ಬಡ್ಡಿ. ಈ ವರ್ಷದ ಪತ್ರದಲ್ಲಿ ಅದರ ಸುಳಿವೂ ಇರುವುದಿಲ್ಲ. ಆ ಮೂರು ವರ್ಷಗಳ ಪತ್ರಗಳನ್ನು ಬೇರೆಯಾಗಿ ತರಿಸಿಕೊಳ್ಳಬೇಕು. ನೀವು ಆ ಮೊತ್ತಗಳನ್ನು ಬರೆದಿಲ್ಲವಾದ್ದರಿಂದ ಉದಾಹರಣೆಗೆ ಮೂರೂ ವರ್ಷ ಸೇರಿ 4,50,000 ಎಂದಿಟ್ಟುಕೊಳ್ಳುತ್ತೇನೆ, ಹಂತಹಂತವಾಗಿ ಬಿಡುಗಡೆಯಾದ 40 ಲಕ್ಷಕ್ಕೆ ಅದು ಅಸಹಜವಲ್ಲ. ಅದರ ಐದನೇ ಒಂದು ಭಾಗ 90,000. ಇದು 2025-26ರಿಂದ 2029-30ರವರೆಗೆ ಪ್ರತಿ ವರ್ಷ ಲೆಕ್ಕಕ್ಕೆ ಬರುತ್ತದೆ, ಆದರೆ 2 ಲಕ್ಷದ ಮಿತಿಯ ಹೊರಗಲ್ಲ, ಒಳಗೆ. ಈ 90,000 ಹೆಚ್ಚುವರಿಯಾಗಿ ಸಿಗುತ್ತದೆಂದು ತಿಳಿದು 2.9 ಲಕ್ಷ ಬರೆದು ತಂದವರನ್ನು ನಾನು ಪ್ರತಿ ಜುಲೈನಲ್ಲೂ ನೋಡುತ್ತೇನೆ.

ಇನ್ನು ಪಾಲಿನ ಲೆಕ್ಕ. ಕಡಿತ ಪಡೆಯಲು ವ್ಯಕ್ತಿ ಮನೆಯ ಮಾಲೀಕನೂ ಆಗಿರಬೇಕು, ಸಾಲಗಾರನೂ ಆಗಿರಬೇಕು. ಸಾಲದ ಕಾಗದದಲ್ಲಿ ಹೆಸರಿದ್ದು ಕ್ರಯಪತ್ರದಲ್ಲಿ ಇಲ್ಲದವರಿಗೆ ಏನೂ ಸಿಗದು. ಕ್ರಯಪತ್ರದಲ್ಲಿದ್ದು ಸಾಲದಲ್ಲಿ ಇಲ್ಲದವರಿಗೂ ಅಷ್ಟೆ. ಪ್ರಮಾಣಪತ್ರದಲ್ಲಿ ನಿಮ್ಮಿಬ್ಬರ ಹೆಸರೂ ಇದೆಯೇ ಎಂದು ನೋಡಿ, ಹಲವು ಸಂಸ್ಥೆಗಳು ಮೊದಲ ಸಾಲಗಾರನ ಹೆಸರನ್ನಷ್ಟೇ ಮುದ್ರಿಸುತ್ತವೆ, ಕೇಳಿದರೆ ಇಬ್ಬರ ಹೆಸರಿನಲ್ಲೂ ಕೊಡುತ್ತವೆ. ಕ್ರಯಪತ್ರದಲ್ಲಿ ಪಾಲು ಇಷ್ಟೆಂದು ಬರೆದಿದ್ದರೆ ಅದೇ ಪ್ರಮಾಣ. ಬರೆದಿಲ್ಲದಿದ್ದರೆ, ಇಬ್ಬರೂ ಸಮವಾಗಿ ಹಣ ಹಾಕಿರುವ ನಿಮ್ಮಂಥವರ ವಿಷಯದಲ್ಲಿ ಅರ್ಧರ್ಧವೆಂದು ತೆಗೆದುಕೊಳ್ಳುವುದು ಸರಿ. ಆಗ ಈ ವರ್ಷದ ಬಡ್ಡಿಯಲ್ಲಿ ಒಬ್ಬೊಬ್ಬರ ಪಾಲು 1,63,852, ಹಳೆಯ ಬಡ್ಡಿಯ ಐದನೇ ಭಾಗದಲ್ಲಿ 45,000, ಒಟ್ಟು 2,08,852. ಮಿತಿ 2 ಲಕ್ಷವಾದ್ದರಿಂದ ಇಬ್ಬರಿಗೂ ತಲಾ 2,00,000. ಮೇಲಿನ 8,852 ಹೋದಂತೆಯೇ, ಮುಂದಿನ ವರ್ಷಕ್ಕೆ ಬರುವುದಿಲ್ಲ.

ಕಂತು ನಿಮ್ಮ ಖಾತೆಯಿಂದ ಹೋಗುವುದರಿಂದ ಪತ್ನಿಯ ಕಡಿತಕ್ಕೆ ಅಡ್ಡಿಯಿಲ್ಲ, ಆದರೆ ಅವರು ಪ್ರತಿ ತಿಂಗಳು ಕಳಿಸುವ ಅರ್ಧ ಹಣ ಬ್ಯಾಂಕಿನ ಮೂಲಕವೇ ಬರಲಿ, ಮತ್ತು ಕಂತಿನ ದಿನದ ಆಸುಪಾಸಿನಲ್ಲೇ ಬರಲಿ. ಇದು ಬಡ್ಡಿಗಿಂತ ಅಸಲಿಗೆ ಹೆಚ್ಚು ಮುಖ್ಯ. ಕಾರಣ, ಕಾಯ್ದೆಯ ಭಾಷೆಯಲ್ಲಿಯೇ ಒಂದು ವ್ಯತ್ಯಾಸವಿದೆ: 24(ಬಿ) ಕೊಡಬೇಕಾಗಿರುವ ಬಡ್ಡಿಯನ್ನು ನೋಡುತ್ತದೆ, 80ಸಿ ನಿಜವಾಗಿ ಕೊಟ್ಟ ಅಸಲನ್ನು ನೋಡುತ್ತದೆ. ಮಾರ್ಚ್ ತಿಂಗಳ ಕಂತು ಬೌನ್ಸ್ ಆಗಿ ಏಪ್ರಿಲ್ 4ಕ್ಕೆ ಹೋಯಿತೆಂದುಕೊಳ್ಳಿ. ಆ ತಿಂಗಳ ಬಡ್ಡಿ ಮಾರ್ಚ್‌ಗೆ ಮುಗಿದ ವರ್ಷದ ಕಡಿತಕ್ಕೇ ಬರುತ್ತದೆ, ಅಸಲಿನ ಭಾಗ ಮಾತ್ರ ಮುಂದಿನ ವರ್ಷಕ್ಕೆ ಹೋಗುತ್ತದೆ.

ಅಸಲಿನ ಕಡಿತ 80ಸಿ ಅಡಿ ಪಿಎಫ್, ಜೀವವಿಮೆ, ಮಕ್ಕಳ ಶಾಲಾ ಬೋಧನಾ ಶುಲ್ಕ ಎಲ್ಲದರ ಜೊತೆ ಸೇರಿ 1.5 ಲಕ್ಷದ ಒಂದೇ ಬುಟ್ಟಿಯಲ್ಲಿ ಕೂರಬೇಕು. ಬಡ್ಡಿಯಂತೆ ಹಿಂದಿನ ವರ್ಷಗಳ ಅಸಲನ್ನು ಐದು ಭಾಗ ಮಾಡುವ ಅನುಕೂಲ ಇಲ್ಲಿಲ್ಲ. ನಿರ್ಮಾಣದ ಹಂತದಲ್ಲೇ ಪೂರ್ತಿ ಕಂತು ಕಟ್ಟಲು ತೊಡಗಿದವರು ಆ ವರ್ಷಗಳ ಅಸಲಿನ ಕಡಿತವನ್ನು ಕಳೆದುಕೊಳ್ಳುತ್ತಾರೆ. ನೀವು ಪ್ರೀ-ಇಎಂಐ ಮಾತ್ರ ಕಟ್ಟಿದ್ದರಿಂದ ನಿಮಗೆ ಆ ನಷ್ಟವಿಲ್ಲ. ನಿಮ್ಮ ಪಾಲಿನ ಅಸಲು 22,810. ಪಿಎಫ್ 96,000 ಸೇರಿಸಿದರೆ 1,18,810, ಬುಟ್ಟಿಯಲ್ಲಿ ಇನ್ನೂ 31,190 ರೂಪಾಯಿಯ ಜಾಗವಿದೆ.

ಆ ಜಾಗ ತುಂಬುವುದು ಪ್ರಮಾಣಪತ್ರದಲ್ಲಿಲ್ಲದ ಮೊತ್ತ: ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ. ಇವೂ 80ಸಿ ಅಡಿ ಬರುತ್ತವೆ, ಆದರೆ ಹಣ ಕಟ್ಟಿದ ಆರ್ಥಿಕ ವರ್ಷದಲ್ಲಿ ಮಾತ್ರ. ನೀವು ಉಪನೋಂದಣಾಧಿಕಾರಿ ಕಚೇರಿಗೆ ಕಟ್ಟಿದ 3.43 ಲಕ್ಷದಲ್ಲಿ ನಿಮ್ಮ ಅರ್ಧ 1.71 ಲಕ್ಷ, ಅದರಲ್ಲಿ ಕೇಳಲು ಸಾಧ್ಯವಿರುವುದು 31,190 ಮಾತ್ರ. ಉಳಿದದ್ದು ವ್ಯರ್ಥ. (ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿತು, ಎರಡನೇ ವಾರದಲ್ಲೇ ಕ್ರಯಪತ್ರ ಮುಗಿಸಿದ ನಿಮಗೆ ಅಲ್ಲಿ ಉಳಿದ ಹಣ ಈ ಕಡಿತದಿಂದ ಉಳಿಯುವುದಕ್ಕಿಂತ ದೊಡ್ಡದು.)

ಇಲ್ಲಿಯವರೆಗೆ ಹಾಕಿದ ಲೆಕ್ಕವೆಲ್ಲ ಹಳೆಯ ತೆರಿಗೆ ಪದ್ಧತಿಯದು. 2023-24ರಿಂದ ಹೊಸ ಪದ್ಧತಿಯೇ ಸಹಜ ಆಯ್ಕೆ; ನೀವು ಬೇರೆ ಹೇಳದಿದ್ದರೆ ನಿಮ್ಮ ಕಚೇರಿ ಅದರಂತೆಯೇ ತೆರಿಗೆ ಹಿಡಿಯುತ್ತದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೂ ಕಡಿತವಿಲ್ಲ, 80ಸಿ ಕೂಡ ಇಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಎಷ್ಟು ಕ್ಲೇಮ್ ಮಾಡಲಿ' ಎಂಬುದಕ್ಕಿಂತ ಮೊದಲು 'ಕ್ಲೇಮ್ ಮಾಡಿದರೆ ಲಾಭವಿದೆಯೇ' ಎಂಬುದು.

ನಿಮ್ಮದನ್ನೇ ನೋಡೋಣ. ಹಳೆಯ ಪದ್ಧತಿಯಲ್ಲಿ 15 ಲಕ್ಷದಿಂದ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 2 ಲಕ್ಷ ಬಡ್ಡಿ, 1.5 ಲಕ್ಷ 80ಸಿ ಕಳೆದರೆ ಉಳಿಯುವುದು 11 ಲಕ್ಷ. ಅದರ ಮೇಲಿನ ತೆರಿಗೆ ಸೆಸ್ ಸೇರಿ 1,48,200 ರೂಪಾಯಿ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಬೇರೇನೂ ಇಲ್ಲ, ಆದಾಯ 14.25 ಲಕ್ಷ; ಆದರೂ ತೆರಿಗೆ ಸೆಸ್ ಸೇರಿ 97,500 ಮಾತ್ರ. ಗೃಹಸಾಲದ ಕಡಿತವನ್ನು ಕೊನೆಯ ರೂಪಾಯಿಯವರೆಗೂ ಬಳಸಿದ ಮೇಲೂ ಹಳೆಯ ಪದ್ಧತಿ ನಿಮಗೆ 50,700 ರೂಪಾಯಿ ಹೆಚ್ಚು ಖರ್ಚಿನದು.

ಎರಡೂ ಸಮವಾಗಬೇಕಾದರೆ ಹಳೆಯ ಪದ್ಧತಿಯಲ್ಲಿ ಇನ್ನೂ ಸುಮಾರು 1.94 ಲಕ್ಷದ ಕಡಿತ ಬೇಕು. ಸ್ವಾಧೀನಕ್ಕೆ ಮುಂಚಿನ ತಿಂಗಳುಗಳಲ್ಲಿ ನೀವು ಬಾಡಿಗೆ ಮನೆಯಲ್ಲಿದ್ದು ಸಂಬಳದಲ್ಲಿ ಎಚ್‌ಆರ್‌ಎ ಇದ್ದರೆ ಅದು ಒಂದಿಷ್ಟು, ಆರೋಗ್ಯ ವಿಮೆಯ ಪ್ರೀಮಿಯಂ ಒಂದಿಷ್ಟು, ಸ್ವಂತ ಹಣದಿಂದ ಎನ್‌ಪಿಎಸ್‌ಗೆ ಹಾಕಿದ 50,000 ಇದ್ದರೆ ಅದು. ಇವೆಲ್ಲ ಕೂಡಿ ಆ ಮೊತ್ತವನ್ನು ದಾಟಿದರೆ ಮಾತ್ರ ಈ ವರ್ಷ ಹಳೆಯ ಪದ್ಧತಿಯ ಮಾತು. ಮುಂದಿನ ವರ್ಷ ನೀವು ಇಡೀ ವರ್ಷ ಸ್ವಂತ ಮನೆಯಲ್ಲೇ ಇರುವುದರಿಂದ ಎಚ್‌ಆರ್‌ಎ ಕೂಡ ಇರುವುದಿಲ್ಲ, ಆಗ ಉತ್ತರ ಇನ್ನೂ ಸ್ಪಷ್ಟ. ಬೇರೆ ಊರಿನಲ್ಲಿ ದೊಡ್ಡ ಬಾಡಿಗೆ ಕೊಟ್ಟು ಕೆಲಸ ಮಾಡುತ್ತ, ಸ್ವಂತ ಊರಿನ ಮನೆಗೆ ಸಾಲ ಕಟ್ಟುತ್ತಿರುವವರಿಗೆ ಈ ಲೆಕ್ಕ ತಿರುಗುಮುರುಗಾಗುವುದುಂಟು.

ನಿಮ್ಮ ಪತ್ನಿಯ ವಿಷಯದಲ್ಲಿ ಲೆಕ್ಕ ಇನ್ನೂ ಸ್ವಾರಸ್ಯಕರವಾಗಿದೆ. ಹಳೆಯ ಪದ್ಧತಿಯಲ್ಲಿ 9 ಲಕ್ಷದಿಂದ 50,000, ಬಡ್ಡಿಯ 2 ಲಕ್ಷ ಮತ್ತು 80ಸಿಯ 1.5 ಲಕ್ಷ (ಅಸಲಿನ 22,810, ಉಳಿದದ್ದು ಮುದ್ರಾಂಕ ಶುಲ್ಕದ ಪಾಲಿನಿಂದ) ಕಳೆದರೆ ಸರಿಯಾಗಿ 5 ಲಕ್ಷ ಉಳಿಯುತ್ತದೆ, 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಅದೇ ರಿಯಾಯಿತಿ ಇರುವುದರಿಂದ, ಒಂದು ಕಾಗದವನ್ನೂ ಕೂಡಿಸದೆ ತೆರಿಗೆ ಸೊನ್ನೆಯೇ. ಹಾಗಿದ್ದಾಗ ಹಳೆಯದನ್ನು ಆರಿಸಿಕೊಂಡು ಪ್ರತಿ ಮೊತ್ತಕ್ಕೂ ಆಧಾರ ತೋರಿಸುವ ಹೊಣೆ ಹೊರುವುದಕ್ಕೆ ಅರ್ಥವಿಲ್ಲ.

ಪತ್ನಿ ಕೇಳದಿದ್ದರೆ ಅವರ ಅರ್ಧವನ್ನೂ ನೀವೇ ತೆಗೆದುಕೊಳ್ಳಬಹುದೇ ಎಂಬ ಯೋಚನೆ ಬರುವುದು ಸಹಜ. ಹಾಗೆ ತೆಗೆದುಕೊಳ್ಳಲು ಬರುವುದಿಲ್ಲ, ಪಾಲು ಮಾಲೀಕತ್ವದಿಂದ ಬಂದದ್ದು, ತೆರಿಗೆಯ ಅನುಕೂಲದಿಂದಲ್ಲ. ಅಲ್ಲದೆ ನಿಮ್ಮ ಅರ್ಧವೇ ಮಿತಿಯನ್ನು ದಾಟಿರುವುದರಿಂದ ತೆಗೆದುಕೊಂಡರೂ ಏನೂ ಸಿಗುತ್ತಿರಲಿಲ್ಲ. ಇನ್ನು ಹೊಸ ಪದ್ಧತಿಯಲ್ಲಿರುವ ವರ್ಷದ ಐದನೇ ಒಂದು ಭಾಗ ಆ ವರ್ಷಕ್ಕೇ ಮುಗಿಯುತ್ತದೆ, ಹಳೆಯ ಪದ್ಧತಿಗೆ ಮರಳಿದಾಗ ಕೂಡಿಸಿ ಕೇಳುವಂತಿಲ್ಲ. ಆದರೆ ಉಳಿದ ವರ್ಷಗಳ ಭಾಗಗಳು ಹಾಗೆಯೇ ಇರುತ್ತವೆ. ಫ್ಲ್ಯಾಟನ್ನು ಮುಂದೆ ಬಾಡಿಗೆಗೆ ಕೊಟ್ಟರಂತೂ ಹೊಸ ಪದ್ಧತಿಯಲ್ಲೂ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆಯಬಹುದು, ಬಾಡಿಗೆಯನ್ನು ಮೀರಿದ ನಷ್ಟವನ್ನು ಸಂಬಳದಿಂದ ಮಾತ್ರ ಕಳೆಯುವಂತಿಲ್ಲ. ಆದ್ದರಿಂದ ಹಳೆಯ ಮೂರು ವರ್ಷಗಳ ಪತ್ರಗಳನ್ನು ಈಗ ಪ್ರಯೋಜನವಿಲ್ಲವೆಂದು ಬಿಡಬೇಡಿ, 2029-30ರವರೆಗೆ ಅವು ಬೇಕಾಗಬಹುದು.

ಎಲ್ಲ ಸೇರಿಸಿ ನೋಡಿದ ಮೇಲೂ ನಿಮಗೆ ಹಳೆಯ ಪದ್ಧತಿಯೇ ಲಾಭವೆಂದು ಕಂಡರೆ, ಕಚೇರಿ ಹೊಸ ಪದ್ಧತಿಯಂತೆ ತೆರಿಗೆ ಹಿಡಿದಿದ್ದರೂ ರಿಟರ್ನ್‌ನಲ್ಲಿ ಬದಲಿಸಿಕೊಳ್ಳಬಹುದು. ವ್ಯಾಪಾರದ ಆದಾಯವಿಲ್ಲದವರಿಗೆ ಈ ಆಯ್ಕೆ ಪ್ರತಿ ವರ್ಷವೂ ಉಂಟು, ಆದರೆ ಜುಲೈ 31ರ ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಮಾತ್ರ. ತಡವಾದರೆ ಹೊಸ ಪದ್ಧತಿಯೇ ಗತಿ. ರಿಟರ್ನ್‌ನಲ್ಲಿ ಈಗ ಬಡ್ಡಿಯ ಮೊತ್ತವೊಂದನ್ನೇ ಬರೆದರೆ ಸಾಲದು. ಸಾಲ ಕೊಟ್ಟ ಸಂಸ್ಥೆಯ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಒಟ್ಟು ಸಾಲ, ಮಾರ್ಚ್ 31ರ ಬಾಕಿ ಇವೆಲ್ಲವನ್ನೂ ಕೇಳುತ್ತಾರೆ. ಮೊದಲಿಗೆ ಬಾಕಿ ತಾಳೆ ನೋಡಿ ಎಂದದ್ದು ಇದಕ್ಕೂ ಉಪಯೋಗಕ್ಕೆ ಬರುತ್ತದೆ.

80ಸಿ ಅಡಿ ಅಸಲಿಗೆ ಕಡಿತ ಪಡೆದರೆ ಅದರ ಜೊತೆ ಒಂದು ಕಟ್ಟುಪಾಡೂ ಬರುತ್ತದೆ. ಸ್ವಾಧೀನ ಪಡೆದ ಆರ್ಥಿಕ ವರ್ಷ ಮುಗಿದು ಐದು ವರ್ಷ ತುಂಬುವ ಮೊದಲು, ಅಂದರೆ ನಿಮ್ಮ ವಿಷಯದಲ್ಲಿ ಮಾರ್ಚ್ 2031ಕ್ಕೆ ಮೊದಲು, ಫ್ಲ್ಯಾಟ್ ಮಾರಿದರೆ ಅಲ್ಲಿಯವರೆಗೆ ಪಡೆದ ಆ ಕಡಿತವೆಲ್ಲ ಮಾರಿದ ವರ್ಷದ ಆದಾಯಕ್ಕೆ ಸೇರುತ್ತದೆ. ಬಡ್ಡಿಯ ಕಡಿತಕ್ಕೆ ಈ ಷರತ್ತಿಲ್ಲ.

ಮುಂದಿನ ವರ್ಷ ಇದೇ ಲೆಕ್ಕ ಹಾಕುವಾಗ ಕಲಮುಗಳ ಸಂಖ್ಯೆ ನೋಡಿ ಗಾಬರಿಯಾಗಬೇಡಿ. 1 ಏಪ್ರಿಲ್ 2026ರಿಂದ ಜಾರಿಗೆ ಬಂದಿರುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ 24ನೇ ಕಲಮಿನ ಜಾಗಕ್ಕೆ 22, 80ಸಿಯ ಜಾಗಕ್ಕೆ 123 ಬಂದಿವೆ. ನೀವು ಈ ಜುಲೈನಲ್ಲಿ ಸಲ್ಲಿಸುವ 2025-26ರ ರಿಟರ್ನ್‌ಗೆ ಮಾತ್ರ ಹಳೆಯ ಸಂಖ್ಯೆಗಳೇ ಅನ್ವಯ.